ಮನೆತುಂಬ ಒಳಚರಂಡಿಯ ದುರ್ವಾಸನೆಯೇ? ಮೊದಲು ತಾರಸಿಯ ಗಾಳಿಕೊಳವೆಯನ್ನು ನೋಡಿ

ಬೆಂಗಳೂರು: ಒಂದು ಸ್ನಾನಗೃಹದಲ್ಲಿ ಮಾತ್ರ ವಾಸನೆ ಬಂದರೆ ಅಲ್ಲಿನ ಜಾಲರಿಯನ್ನು ತೊಳೆದು, ಫಿನಾಯಿಲ್ ಸುರಿದು ಸುಮ್ಮನಾಗುವುದು ವಾಡಿಕೆ. ಆದರೆ ನಡುಮನೆ, ಅಡುಗೆಮನೆ, ಮಲಗುವ ಕೋಣೆ ಎನ್ನದೆ ಇಡೀ ಮನೆಯನ್ನು ಕೊಳೆತ ಮೊಟ್ಟೆಯಂತಹ ವಾಸನೆ ಆವರಿಸಿದರೆ ದೋಷ ಒಂದು ಕೋಣೆಯದ್ದಾಗಿರುವ ಸಂಭವ ಕಡಿಮೆ. ಎಲ್ಲ ಮಹಡಿಗಳ ಶೌಚಾಲಯಗಳಿಗೂ ಸಾಮಾನ್ಯವಾದ, ನೆಲದಿಂದ ತಾರಸಿಯವರೆಗೆ ನಿಂತಿರುವ ಕೊಳವೆಯಲ್ಲಿ ಅದನ್ನು ಹುಡುಕಬೇಕು. ಆ ಕೊಳವೆಯ ತುದಿಯ ಟೊಪ್ಪಿಗೆ ಬಿದ್ದುಹೋಗಿರುವುದು, ಅದರಿಂದಾಗಿ ಕೊಳವೆ ಕಟ್ಟಿಕೊಂಡಿರುವುದು ಹಾಗೂ ಮಲಕೊಳವೆ ಬಿರುಕು ಬಿಟ್ಟಿರುವುದು ಇದರ ಮೂರು ಪ್ರಮುಖ ಕಾರಣಗಳು. ಇವು ಒಂದೇ ಮನೆಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವುದೂ ಉಂಟು.

ನಗರದ ಉತ್ತರ ಭಾಗದ ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರ, ಯಲಹಂಕಗಳಲ್ಲಿ ಈ ತೊಂದರೆಗೆ ಸ್ಥಳೀಯವಾದ ಹಿನ್ನೆಲೆಯೂ ಇದೆ. ಇಲ್ಲಿನ ಹಳೆಯ ಬಡಾವಣೆಗಳಲ್ಲಿ 30x40 ಅಡಿ ನಿವೇಶನದಲ್ಲಿ ಮೊದಲು ನೆಲಮಹಡಿಯನ್ನಷ್ಟೇ ಕಟ್ಟಿ, ಬಾಡಿಗೆಗೆಂದು ಕಾಲಕಾಲಕ್ಕೆ ಮೇಲಂತಸ್ತುಗಳನ್ನು ಏರಿಸಿದ ಮನೆಗಳು ಬಹಳ. ಹೀಗೆ ಮನೆ ಬೆಳೆದಾಗ ಹಳೆಯ ಕೊಳವೆಯ ಮೇಲೆ ಹೊಸ ಕೊಳವೆ ಕೂರುತ್ತದೆ. ತಾರಸಿಯ ತುದಿಗೆ ಏನಾಯಿತೆಂದು ನೋಡುವವರು ಇರುವುದಿಲ್ಲ.

ರಾಜಕಾಲುವೆಗೆ ಅಥವಾ ಕೆರೆಗೆ ಸಮೀಪದಲ್ಲಿರುವವರು ಮನೆಯೊಳಗಿನ ವಾಸನೆಯನ್ನೂ ಹೊರಗಿನ ನೀರಿನದೆಂದೇ ತಿಳಿಯುವುದುಂಟು. ಇದನ್ನು ಬೇರ್ಪಡಿಸುವುದು ಸುಲಭ. ಹೊರಗಿನ ವಾಸನೆ ಗಾಳಿಯ ದಿಕ್ಕನ್ನು ಅನುಸರಿಸಿ ಬಂದು ಹೋಗುತ್ತದೆ, ಕಿಟಕಿ ಮುಚ್ಚಿದರೆ ತಗ್ಗುತ್ತದೆ. ಒಳಗಿನ ಕೊಳವೆಯದ್ದಾದರೆ ಕಿಟಕಿ ಮುಚ್ಚಿದಷ್ಟೂ ಹೆಚ್ಚುತ್ತದೆ.

ಎರಡಂಗುಲ ನೀರಿನ ಕಾವಲು

ಶೌಚಾಲಯದ ಪ್ರತಿಯೊಂದು ನೀರಿನ ದಾರಿಯಲ್ಲೂ ಬಾಗಿದ ಒಂದು ಭಾಗವಿರುತ್ತದೆ. ಕಮೋಡಿನ ಕೆಳಗಿರುವುದನ್ನು ಪಿ ಟ್ರ್ಯಾಪ್ ಅಥವಾ ಎಸ್ ಟ್ರ್ಯಾಪ್ ಎನ್ನುತ್ತಾರೆ. ಸ್ನಾನಗೃಹದ ನೆಲದಲ್ಲಿರುವುದು ನಹಾನಿ ಟ್ರ್ಯಾಪ್. ಈ ಬಾಗಿನಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ಅನಿಲವನ್ನು ತಡೆಯುವ ಬಾಗಿಲು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಹಕ್ಕುಸ್ವಾಮ್ಯ ಪಡೆದ ಶೌಚಪಾತ್ರೆಯಲ್ಲಿ ಇಂತಹ ಬಾಗು ಇತ್ತು. ಇಂದಿಗೂ ತತ್ತ್ವ ಅದೇ.

ಈ ನೀರಿನ ಆಳ ಸಾಮಾನ್ಯವಾಗಿ 50 ಮಿ.ಮೀ., ಅಂದರೆ ಸುಮಾರು ಎರಡಂಗುಲ. ಅದು ತಡೆಯಬಲ್ಲ ಒತ್ತಡ ವಾತಾವರಣದ ಒತ್ತಡದ ಸುಮಾರು 200ರಲ್ಲಿ ಒಂದು ಭಾಗ ಮಾತ್ರ. ಕೊಳವೆಯೊಳಗಿನ ಗಾಳಿಯ ಒತ್ತಡ ಇದಕ್ಕಿಂತ ತುಸು ಹೆಚ್ಚು ಏರುಪೇರಾದರೂ ನೀರು ಎಳೆದುಹೋಗುತ್ತದೆ ಅಥವಾ ಗುಳ್ಳೆಗಳಾಗಿ ಮೇಲೆ ಚಿಮ್ಮುತ್ತದೆ. ಆ ಏರುಪೇರು ಆಗದಂತೆ ನೋಡಿಕೊಳ್ಳಲೆಂದೇ ನಿಂತ ಕೊಳವೆಯನ್ನು ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದಿಡುತ್ತಾರೆ. ಕೊನೆಯ ಶೌಚಾಲಯದಿಂದ ಮೇಲಿರುವ ಈ ಭಾಗವೇ ಗಾಳಿಕೊಳವೆ. ಪ್ಲಂಬರ್‌ಗಳ ಮಾತಿನಲ್ಲಿ ವೆಂಟ್ ಪೈಪು.

ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ನೀರು ಕೊಳವೆಯ ಗೋಡೆಯನ್ನು ಬಳಸಿಕೊಂಡು ಇಳಿಯುತ್ತದೆ. ನಡುವೆ ಉಳಿಯುವ ಗಾಳಿಯನ್ನೂ ಅದು ತನ್ನೊಡನೆ ಕೆಳಕ್ಕೆ ಎಳೆದೊಯ್ಯುತ್ತದೆ. ಹೀಗೆ ಹೋದ ಗಾಳಿಯ ಸ್ಥಾನವನ್ನು ತಾರಸಿಯಿಂದ ಬರುವ ಗಾಳಿ ತುಂಬಬೇಕು. ಮೇಲಿನ ಬಾಯಿ ಮುಚ್ಚಿದ್ದರೆ ಕೊಳವೆ ತನಗೆ ಬೇಕಾದ ಗಾಳಿಯನ್ನು ಮನೆಯೊಳಗಿಂದಲೇ ಎಳೆದುಕೊಳ್ಳುತ್ತದೆ. ದಾರಿಯಲ್ಲಿರುವ ನಹಾನಿ ಟ್ರ್ಯಾಪಿನ ನೀರು ಆ ಸೆಳೆತಕ್ಕೆ ಸಿಕ್ಕಿ ಖಾಲಿಯಾಗುತ್ತದೆ. ಕಾವಲಿನ ನೀರು ಹೋದ ಮೇಲೆ ಚರಂಡಿಗೂ ಮನೆಗೂ ನಡುವೆ ತಡೆಯೇ ಇಲ್ಲ. ಒಂದೇ ಕೊಳವೆ ಎಲ್ಲ ಮಹಡಿಗಳ ಸ್ನಾನಗೃಹಗಳನ್ನು ಹಾದುಬರುವುದರಿಂದ ವಾಸನೆಯೂ ಎಲ್ಲೆಡೆ ಹರಡುತ್ತದೆ.

ಟೊಪ್ಪಿಗೆ ಇಲ್ಲದಿದ್ದರೆ ಏನಾಗುತ್ತದೆ?

ತಾರಸಿಯ ಕೊಳವೆಯ ತುದಿಗೆ ಸುತ್ತಲೂ ಸೀಳುಗಳಿರುವ ಅಥವಾ ಜಾಲರಿಯುಳ್ಳ ಟೊಪ್ಪಿಗೆಯನ್ನು ಕೂರಿಸಿರುತ್ತಾರೆ. ಅಂಗಡಿಯಲ್ಲಿ ಕೌಲ್ ಅಥವಾ ವೆಂಟ್ ಕ್ಯಾಪ್ ಎಂದು ಕೇಳಿದರೆ ಕೊಡುತ್ತಾರೆ. ಇದರ ಬೆಲೆ ಅತ್ಯಲ್ಪ. ಬಿಸಿಲಿಗೆ ಪೆಡಸಾಗಿ ಒಡೆಯುವುದು, ಬಿರುಗಾಳಿಗೆ ಹಾರುವುದು, ಸೌರ ಜಲತಾಪಕ ಅಳವಡಿಸುವವರ ಕೈತಾಗಿ ಬೀಳುವುದು ಸಾಮಾನ್ಯ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಟೊಪ್ಪಿಗೆ ಇಲ್ಲದ ಮಾತ್ರಕ್ಕೆ ಮನೆಯೊಳಗೆ ವಾಸನೆ ಬರುವುದಿಲ್ಲ. ತೆರೆದ ಕೊಳವೆಯಲ್ಲಿ ಗಾಳಿ ಇನ್ನೂ ಸಲೀಸಾಗಿಯೇ ಆಡುತ್ತದೆ. ತೊಂದರೆ ಅದರೊಳಗೆ ಬೀಳುವ ವಸ್ತುಗಳಿಂದ. ಪಾರಿವಾಳ ಮತ್ತು ಅಳಿಲುಗಳು ಕಡ್ಡಿ, ನಾರು, ಚಿಂದಿಗಳನ್ನು ತುರುಕುತ್ತವೆ. ಹೊಂಗೆಯ ಎಲೆಗಳು ಉದುರಿ ಸೇರುತ್ತವೆ. ಮಕ್ಕಳ ಚೆಂಡು ಬೀಳುತ್ತದೆ. ಇವು ಕೊಳವೆಯ ಜೋಡಣೆಯಲ್ಲಿ ಸಿಕ್ಕಿಕೊಂಡು, ಮಳೆನೀರಿಗೆ ನೆಂದು ಬಿರಡೆಯಂತೆ ಬಿಗಿಯುತ್ತವೆ.

ಇದಕ್ಕಿಂತಲೂ ಕೆಟ್ಟದ್ದು ಮನುಷ್ಯರು ಮಾಡುವ ಉಪಾಯ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ವಾಸನೆ ಬರುತ್ತದೆಂದು ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟುವವರಿದ್ದಾರೆ. ಮುಚ್ಚಳ ಅಂಟಿಸುವವರೂ, ಸಿಮೆಂಟ್ ಮೆತ್ತುವವರೂ ಇದ್ದಾರೆ. ಅನಿಲ ಹೊರಹೋಗಬೇಕಾದ ಸರಿಯಾದ ಸ್ಥಳವೇ ತಾರಸಿ. ಅಲ್ಲಿ ಮುಚ್ಚಿದರೆ ಅದು ಮನೆಯೊಳಗೆ ದಾರಿ ಹುಡುಕುತ್ತದೆ. ತಾರಸಿಯನ್ನು ದಿನನಿತ್ಯ ಬಳಸುವ ಮನೆಯಲ್ಲಿ ಕೊಳವೆಯನ್ನು ತಾರಸಿಯ ನೆಲದಿಂದ 2 ಮೀಟರ್‌ನಷ್ಟು ಎತ್ತರಿಸುವುದೇ ಸರಿಯಾದ ಪರಿಹಾರ. ಹಾಗೆ ಎತ್ತರಿಸುವಾಗ ತುದಿಯು ನೆರೆಮನೆಯ ಕಿಟಕಿಗೆ ಎದುರಾಗದಂತೆ ನೋಡಿಕೊಳ್ಳಬೇಕು.

ತಡೆ ಎಲ್ಲಿದೆ ಎಂದು ತಿಳಿಯುವ ಬಗೆ

ಕೊಳವೆಯೇ ತನ್ನ ಸದ್ದಿನಿಂದ ತಡೆಯ ಸ್ಥಳವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಅದರ ಕೆಳಗಿನ ಮಹಡಿಯ ನಹಾನಿ ಟ್ರ್ಯಾಪಿನಲ್ಲಿ ಗೊರಗೊರ ಸದ್ದಾಗಿ, ನೀರು ಒಳಕ್ಕೆ ಎಳೆದುಹೋದರೆ ತಡೆ ಮೇಲಿದೆ. ಗಾಳಿಕೊಳವೆ ಕಟ್ಟಿಕೊಂಡಿದೆ ಎಂದರ್ಥ. ನೆಲಮಹಡಿಯ ಕಮೋಡಿನಲ್ಲಿ ಅಥವಾ ನಹಾನಿ ಟ್ರ್ಯಾಪಿನಲ್ಲಿ ಗುಳ್ಳೆಗಳು ಮೇಲೆದ್ದು ನೀರು ಉಕ್ಕಿದರೆ ತಡೆ ಕೆಳಗಿದೆ. ಕೊಳವೆಯ ಬುಡದ ಬಾಗಿನಲ್ಲೋ, ಅಂಗಳದ ಚೇಂಬರಿನಲ್ಲೋ, ಬೀದಿಯ ಮ್ಯಾನ್‌ಹೋಲಿನಲ್ಲೋ ಅದು ಇರಬಹುದು. ಇಳಿದುಬಂದ ಗಾಳಿಗೆ ಮುಂದೆ ಹೋಗಲು ಜಾಗವಿಲ್ಲದೆ ಅದು ಸಮೀಪದ ಟ್ರ್ಯಾಪಿನ ಮೂಲಕ ಹಿಂದಿರುಗುತ್ತದೆ.

ಸದ್ದೇ ಇಲ್ಲದೆ ವಾಸನೆ ಬರುತ್ತಿದ್ದರೆ ಬಳಸದ ಸ್ನಾನಗೃಹವನ್ನು ಮೊದಲು ನೋಡಬೇಕು. ಬೇಸಿಗೆಯಲ್ಲಿ ಹಲವು ವಾರ ನೀರು ಬೀಳದ ನಹಾನಿ ಟ್ರ್ಯಾಪು ತಾನಾಗಿಯೇ ಒಣಗುತ್ತದೆ. ಮನೆಯ ಎಲ್ಲ ಟ್ರ್ಯಾಪುಗಳಿಗೂ ಎರಡೆರಡು ಚೊಂಬು ನೀರು ಸುರಿದು ಒಂದು ದಿನ ಕಾಯಿರಿ. ವಾಸನೆ ಮರಳದಿದ್ದರೆ ಅಷ್ಟೇ ಕಾರಣ. ಕೆಲವೇ ಗಂಟೆಗಳಲ್ಲಿ ಟ್ರ್ಯಾಪು ಮತ್ತೆ ಖಾಲಿಯಾಗಿದ್ದರೆ ನೀರನ್ನು ಯಾವುದೋ ಶಕ್ತಿ ಎಳೆಯುತ್ತಿದೆ ಎಂದು ತಿಳಿಯಬೇಕು. ಟ್ರ್ಯಾಪುಗಳು ತುಂಬಿಯೇ ಇದ್ದು, ವಾಸನೆಯೂ ಹಾಗೆಯೇ ಇದ್ದರೆ ಬಿರುಕಿನ ಅನುಮಾನ ಬಲವಾಗುತ್ತದೆ.

ಸ್ನಾನಗೃಹದ ಎಕ್ಸಾಸ್ಟ್ ಫ್ಯಾನ್ ಇನ್ನೊಂದು ಸುಳಿವು ಕೊಡುತ್ತದೆ. ಬಾಗಿಲು ಮುಚ್ಚಿ ಫ್ಯಾನ್ ಹಾಕಿದಾಗ ವಾಸನೆ ಕಡಿಮೆಯಾಗುವ ಬದಲು ಹೆಚ್ಚಾದರೆ, ಫ್ಯಾನ್ ಒಣಗಿದ ಟ್ರ್ಯಾಪಿನಿಂದ ಅಥವಾ ಬಿರುಕಿನಿಂದ ಅನಿಲವನ್ನು ಕೋಣೆಯೊಳಕ್ಕೆ ಸೆಳೆಯುತ್ತಿದೆ.

ಬಿರುಕು ಬಿಡುವ ಮಲಕೊಳವೆ

ಮಲಕೊಳವೆಗೆ ಇಂದು ಬಹುತೇಕ 110 ಮಿ.ಮೀ. ವ್ಯಾಸದ ಪಿವಿಸಿ ಪೈಪನ್ನು ಬಳಸುತ್ತಾರೆ. ಭಾರತೀಯ ಮಾನಕ ಐಎಸ್ 13592ರಲ್ಲಿ ಇದಕ್ಕೆ ಎರಡು ಬಗೆಗಳಿವೆ. ಎ ಬಗೆಯದು ತೆಳು. ಗಾಳಿಗೆ ಮತ್ತು ಮಳೆನೀರಿಗೆ ಮಾತ್ರ. ಬಿ ಬಗೆಯದು ದಪ್ಪ; ಮಲಜಲಕ್ಕೆ ಉಪಯೋಗಿಸಬೇಕಾದದ್ದು ಇದು. 110 ಮಿ.ಮೀ. ಪೈಪಿನಲ್ಲಿ ಎ ಬಗೆಯ ಗೋಡೆಯ ದಪ್ಪ ಕನಿಷ್ಠ 2.2 ಮಿ.ಮೀ., ಬಿ ಬಗೆಯದು 3.2 ಮಿ.ಮೀ. ಹಣ ಉಳಿಸಲು ತೆಳು ಪೈಪನ್ನೇ ಮಲಕೊಳವೆಗೂ ಹಾಕಿದ್ದರೆ ಬಿರುಕು ಬೇಗ ಬರುತ್ತದೆ. ಪೈಪಿನ ಮೈಮೇಲೆ ಮುದ್ರಿತವಾಗಿರುವ ಅಕ್ಷರಗಳನ್ನು ಓದಿ ಇದನ್ನು ಖಚಿತಪಡಿಸಿಕೊಳ್ಳಬಹುದು.

ಬಿರುಕಿಗೆ ಇನ್ನೊಂದು ಕಾರಣ ಉಷ್ಣತೆ. 3 ಮೀಟರ್ ಉದ್ದದ ಪಿವಿಸಿ ಪೈಪು 20 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ಬಿಸಿಲು ಬೀಳುವ ಗೋಡೆಯ ಪೈಪಿನ ಮೈ ಹಗಲು ರಾತ್ರಿಗಳ ನಡುವೆ ಇಷ್ಟು ವ್ಯತ್ಯಾಸ ಕಾಣುವುದು ಅಸಹಜವಲ್ಲ. ರಬ್ಬರ್ ರಿಂಗಿನ ಜೋಡಣೆಯಲ್ಲಿ ಹಿಗ್ಗಲು ಜಾಗ ಬಿಟ್ಟಿರುತ್ತಾರೆ. ಎಲ್ಲ ಜೋಡಣೆಗಳನ್ನೂ ಅಂಟಿನಿಂದ ಬಿಗಿದು, ಗೋಡೆಯಲ್ಲಿ ಸಿಮೆಂಟಿನಿಂದ ಹೂತುಬಿಟ್ಟರೆ ಆ ಚಲನೆ ಪೈಪಿನ ದುರ್ಬಲ ಜಾಗವನ್ನು ಸೀಳುತ್ತದೆ.

ನೆಲದಡಿಯ ಕಥೆ ಬೇರೆ. ಹಳೆಯ ಮನೆಗಳ ಅಂಗಳದಲ್ಲಿ ಮೆರುಗು ಹಚ್ಚಿದ ಜೇಡಿಮಣ್ಣಿನ ಕೊಳವೆಗಳಿದ್ದು, ಅವುಗಳ ಜೋಡಣೆ ಸಿಮೆಂಟಿನದು. ಮಣ್ಣು ಕುಸಿದಾಗ, ಕಾರಿನ ಭಾರ ಬಿದ್ದಾಗ, ಮರದ ಬೇರು ನುಗ್ಗಿದಾಗ ಆ ಜೋಡಣೆ ಬಿಡುತ್ತದೆ. ನೆಲದ ಮೇಲೆ ಏನೂ ಕಾಣಿಸುವುದಿಲ್ಲ. ಗೋಡೆಯ ಬುಡದಲ್ಲಿ ಒಣಗದ ತೇವ, ಕುಸಿದ ಟೈಲ್ಸ್, ಒಂದೇ ಜಾಗದಲ್ಲಿ ಹೆಚ್ಚುವ ಜಿರಲೆ ಇವೇ ಸುಳಿವು.

ಗಾಳಿಕೊಳವೆಯ ದೋಷದಿಂದ ವಾಸನೆಯ ಕಿರಿಕಿರಿ ಮಾತ್ರ. ಬಿರುಕು ಹಾಗಲ್ಲ. ಬೆಂಗಳೂರಿನ ಸಣ್ಣ ನಿವೇಶನಗಳಲ್ಲಿ ಕುಡಿಯುವ ನೀರಿನ ಸಂಪು ಮತ್ತು ಒಳಚರಂಡಿಯ ಚೇಂಬರು ಒಂದೇ ಪೋರ್ಟಿಕೋದಡಿ ಕೆಲವೇ ಅಡಿಗಳ ಅಂತರದಲ್ಲಿರುತ್ತವೆ. ಬಿರುಕಿನಿಂದ ಸೋರಿದ ಮಲಜಲ ಸಂಪಿನ ಗೋಡೆಯ ಮೂಲಕ ಒಳಸೇರಬಹುದು. ಆದ್ದರಿಂದ ನೆಲದಡಿಯ ಬಿರುಕಿನ ಅನುಮಾನ ಬಂದ ದಿನವೇ ಸಂಪಿನ ನೀರನ್ನು ಕುಡಿಯುವುದನ್ನು ನಿಲ್ಲಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಉಚಿತ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ-ಕೊಲೈ ಎಂಬ ಮಲಜನ್ಯ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ನೀರು ತಿಳಿಯಾಗಿದೆ, ವಾಸನೆಯಿಲ್ಲ ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ಒಂದು ಮನೆಯ ಉದಾಹರಣೆ

ಮೂರೂ ದೋಷಗಳು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಅರಿಯಲು ಆರ್.ಟಿ. ನಗರದ ಮಾದರಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 30x40 ಅಡಿ ನಿವೇಶನ. ನೆಲಮಹಡಿಯಲ್ಲಿ ಮಾಲೀಕರು, ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆದಾರರು. ಸ್ನಾನಗೃಹಗಳು ಒಂದರ ಮೇಲೊಂದಿದ್ದು, ಒಂದೇ ಡಕ್ಟಿನಲ್ಲಿ 110 ಮಿ.ಮೀ. ಕೊಳವೆ ಇಳಿದಿದೆ. ಅಂಗಳದಲ್ಲಿರುವುದು ಮೊದಲ ಕಾಲದ ಜೇಡಿಮಣ್ಣಿನ ಕೊಳವೆ. ವಾಸನೆ ಬೆಳಿಗ್ಗೆ 6ರಿಂದ 8ರ ನಡುವೆ, ಎಲ್ಲರೂ ನೀರು ಬಳಸುವ ವೇಳೆಯಲ್ಲಿ ಅತಿ ಹೆಚ್ಚು.

ಎಲ್ಲ ಟ್ರ್ಯಾಪುಗಳಿಗೂ ನೀರು ತುಂಬಿದ ಬಳಿಕ ವಾಸನೆ ತಗ್ಗಿತು. ಮರುದಿನ ಬೆಳಿಗ್ಗೆ ಮರಳಿತು. ಎರಡನೇ ಮಹಡಿಯಲ್ಲಿ ಫ್ಲಶ್ ಮಾಡಿಸಿ ಮೊದಲ ಮಹಡಿಯಲ್ಲಿ ಆಲಿಸಿದಾಗ ಗೊರಗೊರ ಸದ್ದು ಕೇಳಿ, ನಹಾನಿ ಟ್ರ್ಯಾಪಿನ ನೀರು ಇಳಿಯಿತು. ಅಂದರೆ ತಡೆ ಮೇಲಿದೆ. ತಾರಸಿಯಲ್ಲಿ ನೋಡಿದರೆ ಟೊಪ್ಪಿಗೆ ಇಲ್ಲ. ಟಾರ್ಚು ಬಿಟ್ಟಾಗ ಒಂದು ಮೊಳ ಕೆಳಗೆ ಪಾರಿವಾಳದ ಗೂಡು.

ಇಂತಹ ತಡೆಯನ್ನು ಕೋಲಿನಿಂದ ಕೆಳಕ್ಕೆ ತಳ್ಳಬಾರದು. ತಳ್ಳಿದರೆ ಅದು ಕೊಳವೆಯ ಬುಡದ ಬಾಗಿನಲ್ಲಿ ಕುಳಿತು, ಗಾಳಿಯ ತೊಂದರೆ ಮಲಜಲದ ತೊಂದರೆಯಾಗಿ ಪರಿಣಮಿಸುತ್ತದೆ. ತುದಿ ಬಾಗಿಸಿದ ಗಟ್ಟಿ ತಂತಿಯಿಂದ ಕಡ್ಡಿ ಕಡ್ಡಿಯಾಗಿ ಮೇಲಕ್ಕೆಳೆಯಬೇಕು. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಡುಕಾದುದರಿಂದ ಮೊದಲೇ ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಧರಿಸಬೇಕು. ಕೊಳವೆಯ ಬಾಯಿಯ ಬಳಿ ಬೆಂಕಿಕಡ್ಡಿ ಗೀರಬಾರದು. ಚರಂಡಿಯ ಅನಿಲದಲ್ಲಿರುವ ಮೀಥೇನ್ ಹೊತ್ತಿಕೊಳ್ಳುವಂಥದ್ದು.

ಗೂಡು ತೆಗೆದ ಮೇಲೆ ಅರ್ಧ ಬಕೆಟ್ ನೀರನ್ನು ನಿಧಾನವಾಗಿ ಸುರಿದು, ಅಂಗಳದ ಚೇಂಬರಿನ ಮುಚ್ಚಳ ತೆರೆದು ನೋಡಬೇಕು. ನೀರು ತಕ್ಷಣ ಬಂದರೆ ದಾರಿ ಸುಗಮ. 110 ಮಿ.ಮೀ. ಕೊಳವೆಯ ಪ್ರತಿ ಮೀಟರಿನಲ್ಲಿ ಸುಮಾರು ಎಂಟೂವರೆ ಲೀಟರ್ ನೀರು ಹಿಡಿಯುತ್ತದೆ. ಆದ್ದರಿಂದ ಒಮ್ಮೆಲೇ ಹೆಚ್ಚು ಸುರಿದರೆ, ತಡೆ ಇನ್ನೂ ಉಳಿದಿದ್ದ ಪಕ್ಷದಲ್ಲಿ ಅದು ಮೇಲಿನ ಮಹಡಿಯ ಶೌಚಾಲಯದಿಂದ ಉಕ್ಕೀತು. ಈ ಮನೆಯಲ್ಲಿ ನೀರು ಸಲೀಸಾಗಿ ಬಂತು. ಹೊಸ ಟೊಪ್ಪಿಗೆ ಕೂರಿಸಲಾಯಿತು. ಮೊದಲ ಮಹಡಿಯ ಸದ್ದು ನಿಂತಿತು.

ಆದರೆ ನೆಲಮಹಡಿಯ ವಾಸನೆ ಅರ್ಧ ಮಾತ್ರ ಇಳಿಯಿತು. ಇಲ್ಲಿಯೇ ಅನೇಕರು ಗೊಂದಲಕ್ಕೀಡಾಗಿ, ಮೇಲೆ ಮಾಡಿದ ಕೆಲಸ ವ್ಯರ್ಥವಾಯಿತೆಂದು ಭಾವಿಸುತ್ತಾರೆ. ವಾಸ್ತವವಾಗಿ ಒಂದು ದೋಷ ಸರಿಯಾದ ಮೇಲೆ ಎರಡನೆಯದು ಸ್ಪಷ್ಟವಾಗಿ ಕಾಣತೊಡಗಿದೆ, ಅಷ್ಟೆ. ಟ್ರ್ಯಾಪುಗಳು ತುಂಬಿವೆ, ಸದ್ದಿಲ್ಲ, ವಾಸನೆ ಮಾತ್ರ ಇದೆ. ಈಗ ಬೇಕಾದದ್ದು ಹೊಗೆ ಪರೀಕ್ಷೆ.

ಪ್ಲಂಬರ್ ಚೇಂಬರಿನ ಕಡೆಯಿಂದ ಹೊಗೆಯನ್ನು ಕೊಳವೆಯೊಳಕ್ಕೆ ಊದುತ್ತಾರೆ. ಹೊಗೆಯನ್ನು ಹೊರಗಿನ ಯಂತ್ರದಲ್ಲಿಯೇ ಉಂಟುಮಾಡಬೇಕೇ ಹೊರತು ಚೇಂಬರಿನೊಳಗೆ ಏನನ್ನೂ ಉರಿಸಬಾರದು. ಮೊದಲು ತಾರಸಿಯ ಬಾಯಿಯನ್ನು ತೆರೆದೇ ಇಡಬೇಕು. ಅಲ್ಲಿ ಹೊಗೆ ಕಾಣಿಸಿದರೆ ಕೊಳವೆ ಉದ್ದಕ್ಕೂ ತೆರೆದಿದೆ ಎಂಬುದು ಖಚಿತ. ಅನಂತರ ಒದ್ದೆ ಬಟ್ಟೆಯಿಂದ ತಾರಸಿಯ ಬಾಯಿ ಮುಚ್ಚಿ, ಡಕ್ಟು, ಸ್ನಾನಗೃಹ, ಅಂಗಳಗಳನ್ನು ಗಮನಿಸಬೇಕು. ಎಲ್ಲಿ ಹೊಗೆ ಏಳುತ್ತದೋ ಅಲ್ಲಿ ಬಿರುಕು. ಪರೀಕ್ಷೆ ಮುಗಿದೊಡನೆ ಬಟ್ಟೆಯನ್ನು ತೆಗೆಯಲು ಮರೆಯಬಾರದು. ನೆರೆಹೊರೆಯವರಿಗೆ ಮುಂಚಿತವಾಗಿ ತಿಳಿಸುವುದೂ ಒಳ್ಳೆಯದು.

ನಮ್ಮ ಉದಾಹರಣೆಯ ಮನೆಯಲ್ಲಿ ಹೊಗೆ ಎದ್ದದ್ದು ಡಕ್ಟಿನ ಬುಡದಲ್ಲಿ, ಪಿವಿಸಿ ಕೊಳವೆ ಹಳೆಯ ಜೇಡಿಮಣ್ಣಿನ ಕೊಳವೆಗೆ ಕೂಡುವಲ್ಲಿ. ಒಂದು ಹಿಗ್ಗುವ ವಸ್ತು, ಇನ್ನೊಂದು ಮಣಿಯದ ವಸ್ತು, ನಡುವೆ ಸಿಮೆಂಟ್. ಅದು ಬಿಡುವುದು ನಿರೀಕ್ಷಿತವೇ. ಎಂ-ಸೀಲ್ ಮೆತ್ತುವುದು ಕೆಲವು ತಿಂಗಳ ಮಾತು. ಬಿರುಕಿನ ಎರಡೂ ಬದಿಗೆ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ತೆಗೆದು, ಬಿ ಬಗೆಯ ಹೊಸ ತುಂಡನ್ನು ರಬ್ಬರ್ ರಿಂಗಿನ ಜೋಡಣೆಯೊಂದಿಗೆ ಹಾಕಬೇಕು. ಬುಡದಲ್ಲಿ ತೆರೆಯಬಹುದಾದ ಮುಚ್ಚಳವುಳ್ಳ ಡೋರ್ ಬೆಂಡ್ ಇಡಿಸಿದರೆ ಮುಂದಿನ ಬಾರಿ ಗೋಡೆ ಒಡೆಯದೆಯೇ ಸ್ವಚ್ಛಗೊಳಿಸಬಹುದು. ಅಂಗಳದ ಜೇಡಿಮಣ್ಣಿನ ಕೊಳವೆ ಸಂಪಿನ ಪಕ್ಕದಲ್ಲಿ ಹಾದಿದ್ದರೆ ಚೇಂಬರಿನವರೆಗೂ ಬದಲಿಸುವುದೇ ಕ್ಷೇಮ.

ಯಾವಾಗ ಜಲಮಂಡಳಿಗೆ ದೂರು?

ಅಂಗಳದ ಚೇಂಬರು ತುಂಬಿ ನಿಂತಿದ್ದು, ಮನೆಯಲ್ಲಿ ಯಾರೂ ನೀರು ಬಳಸದಿದ್ದರೂ ಮಟ್ಟ ಇಳಿಯದಿದ್ದರೆ ತಡೆ ಬೀದಿಯ ಕಡೆಗಿರುವ ಸಂಭವ ಹೆಚ್ಚು. ಆಗ ಬೆಂಗಳೂರು ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ನೀಡಬೇಕು. ಜೋರು ಮಳೆಯ ದಿನಗಳಲ್ಲಿ ಮಾತ್ರ ಗುಳ್ಳೆ, ವಾಸನೆ ಕಂಡರೆ ಮಳೆನೀರು ಒಳಚರಂಡಿಗೆ ನುಗ್ಗಿ ಅಲ್ಲಿನ ಗಾಳಿಯನ್ನು ಮನೆಗಳತ್ತ ತಳ್ಳುತ್ತಿದೆ ಎಂದರ್ಥ. ನಿಮ್ಮದೇ ತಾರಸಿಯ ಮಳೆನೀರಿನ ಪೈಪನ್ನು ಯಾರಾದರೂ ಮಲಕೊಳವೆಗೆ ಸೇರಿಸಿದ್ದಾರೆಯೇ ಎಂದು ಆಗ ಪರಿಶೀಲಿಸಿ.

ಚೇಂಬರಿಗೂ ಮ್ಯಾನ್‌ಹೋಲಿಗೂ ಯಾರನ್ನೂ ಇಳಿಸಕೂಡದು. 2013ರ ಕಾಯ್ದೆಯು ರಕ್ಷಣಾ ಸಲಕರಣೆಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಖಾಸಗಿ ಮನೆಯ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಮನೆಯೊಳಗೆ ಮೂಗಿಗೆ ತಟ್ಟುವ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಸಾಮಾನ್ಯವಾಗಿ ಅತ್ಯಲ್ಪ. ತಲೆನೋವು, ವಾಕರಿಕೆ ತರಬಹುದು. ಮುಚ್ಚಿದ ಗುಂಡಿಯೊಳಗೆ ಅದೇ ಅನಿಲ ದಟ್ಟವಾಗಿದ್ದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಭಾವಿಸಿದ ಕ್ಷಣವೇ ಅಪಾಯದ ಕ್ಷಣವಾಗಿರಬಹುದು.

ಫೆಬ್ರುವರಿಯ ಕೊನೆಗೆ, ಬೇಸಿಗೆ ಮಳೆಯ ಗಾಳಿ ಬೀಸುವ ಮೊದಲು, ಒಮ್ಮೆ ತಾರಸಿಗೆ ಹತ್ತಿ ಟೊಪ್ಪಿಗೆ ಅಲ್ಲಾಡುತ್ತಿದೆಯೇ, ಅದರ ಸೀಳುಗಳು ಕಟ್ಟಿವೆಯೇ ಎಂದು ನೋಡಿಕೊಳ್ಳುವುದು ಒಳಿತು. ಸೌರ ಜಲತಾಪಕ, ಡಿಶ್ ಅಥವಾ ನೀರಿನ ತೊಟ್ಟಿಯ ಕೆಲಸ ನಡೆದ ಸಂಜೆಯೂ ಈ ತಪಾಸಣೆ ಮಾಡಿ.